ಒಂದು ಮೊತ್ತ, ಮೂರು ಮಾರಾಟ: ಸ್ಪಾನ್ಸರ್ ವಿಡಿಯೊಗೆ ಬೆಲೆ ಕಟ್ಟುವ ಲೆಕ್ಕ

ಸ್ಪಾನ್ಸರ್ ಕಡೆಯಿಂದ ಮೇಲ್ ಬಂದಾಗ ಕಣ್ಣು ಮೊದಲು ಹೋಗುವುದು ಮೊತ್ತದ ಕಡೆಗೆ. ‘ನಿಮ್ಮ ಮುಂದಿನ ವಿಡಿಯೊದಲ್ಲಿ ನಮ್ಮ ಸಾಫ್ಟ್‌ವೇರ್ ಬಗ್ಗೆ 60 ಸೆಕೆಂಡ್ ಮಾತಾಡಿ, 900 ಕೊಡುತ್ತೇವೆ.’ ಇಷ್ಟೇ ಓದಿದರೆ ವ್ಯವಹಾರ ಸರಳ. ಆದರೆ ಮೇಲ್ ಜೊತೆ ಒಂದು ಕರಾರು ಪತ್ರ ಇರುತ್ತದೆ. ಅದರ ನಾಲ್ಕನೇ ಪುಟದಲ್ಲಿ ಎರಡು ಸಾಲು. ಮೊದಲನೆಯದು: ‘ಈ ವಿಡಿಯೊವನ್ನು ಎಲ್ಲ ಮಾಧ್ಯಮಗಳಲ್ಲಿ ಶಾಶ್ವತವಾಗಿ ಬಳಸುವ ಹಕ್ಕು ಕಂಪನಿಗೆ ಇರುತ್ತದೆ.’ ಎರಡನೆಯದು: ‘ಆರು ತಿಂಗಳವರೆಗೆ ಹಣಕಾಸಿಗೆ ಸಂಬಂಧಿಸಿದ ಬೇರೆ ಯಾವುದೇ ಉತ್ಪನ್ನವನ್ನು ಪ್ರಚಾರ ಮಾಡುವಂತಿಲ್ಲ.’

ಈಗ ಆ 900ಕ್ಕೆ ನೀವು ಮಾರುತ್ತಿರುವುದು ಮೂರು ವಸ್ತು. ಒಂದು, ನಿಮ್ಮ ವಿಡಿಯೊದೊಳಗಿನ ಜಾಗ. ಎರಡು, ನಿಮ್ಮ ಮುಖ ಮತ್ತು ದನಿಯ ಬಾಡಿಗೆ. ಮೂರು, ಬೇರೆಯವರ ಜೊತೆ ಕೆಲಸ ಮಾಡಲ್ಲ ಅನ್ನುವ ಮಾತು. ಈ ಮೂರಕ್ಕೂ ಅಳತೆಗೋಲು ಬೇರೆ ಬೇರೆ. ಮೂರನ್ನೂ ಒಂದೇ ಗಂಟಲ್ಲಿ ಕಟ್ಟಿಕೊಟ್ಟಾಗಲೇ ಬೆಲೆ ಎಡವಟ್ಟಾಗುವುದು.

ಒಂದು ಚಾನೆಲ್ ಹಿಡಿದುಕೊಂಡು ಪೂರ್ತಿ ಲೆಕ್ಕ ಹಾಕೋಣ. ಸಣ್ಣ ವ್ಯಾಪಾರ ಮಾಡುವವರಿಗೆ ಸ್ಪ್ರೆಡ್‌ಶೀಟ್ ಮತ್ತು ಲೆಕ್ಕಪತ್ರ ಹೇಳಿಕೊಡುವ ಚಾನೆಲ್ ಅಂದುಕೊಳ್ಳಿ. ತಿಂಗಳಿಗೆ ಎರಡು ವಿಡಿಯೊ ಹಾಕುತ್ತದೆ. ಕೇಳಿಕೊಂಡು ಬಂದಿರುವುದು ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವ ಕಂಪನಿ. ಅಂಕಿಗಳೆಲ್ಲ ಉದಾಹರಣೆಗೆ ಹಾಕಿಕೊಂಡವು. ಯಾವ ದೇಶದ ಹಣ ಅಂತ ಬರೆದಿಲ್ಲ, ಯಾಕೆಂದರೆ ಇಲ್ಲಿ ಮುಖ್ಯವಾದದ್ದು ಅಂಕಿಗಳ ನಡುವಿನ ಅಳತೆ.

ಮೊದಲು ವ್ಯೂಸ್. ಚಂದಾದಾರರ ಸಂಖ್ಯೆಯನ್ನು ಇಲ್ಲಿ ಮರೆತುಬಿಡಿ, ಅವರಲ್ಲಿ ಎಷ್ಟು ಜನ ವಿಡಿಯೊ ತೆಗೆದು ನೋಡುತ್ತಾರೆ ಅನ್ನುವುದು ಆ ಸಂಖ್ಯೆಯಲ್ಲಿ ಕಾಣುವುದಿಲ್ಲ. ಕಳೆದ 12 ವಿಡಿಯೊ ತೆಗೆದುಕೊಂಡು, ಪ್ರತಿಯೊಂದಕ್ಕೂ ಪ್ರಕಟವಾದ ಮೊದಲ 30 ದಿನದಲ್ಲಿ ಬಂದ ವ್ಯೂಸ್ ಬರೆದುಕೊಳ್ಳಿ. ನಮ್ಮ ಚಾನೆಲ್‌ದು ಸಾವಿರಗಳಲ್ಲಿ ಹೀಗಿದೆ: 31, 28, 34, 26, 240, 29, 33, 22, 30, 27, 36, 32. ಸರಾಸರಿ ತೆಗೆದರೆ 47 ಸಾವಿರ ಬರುತ್ತದೆ. ಆದರೆ ಪಟ್ಟಿ ನೋಡಿ. ಒಂದು ವಿಡಿಯೊ ಓಡಿದೆ, ಉಳಿದ ಹನ್ನೊಂದರಲ್ಲಿ ಒಂದೂ 47ರ ಹತ್ತಿರ ಬಂದಿಲ್ಲ. ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಮಧ್ಯದಲ್ಲಿ ನಿಲ್ಲುವುದನ್ನು ತೆಗೆದರೆ 30 ಮತ್ತು 31ರ ನಡುವೆ ಸಿಗುತ್ತದೆ. ಮುಂದಿನ ವಿಡಿಯೊ ಎಷ್ಟು ಓಡಬಹುದು ಅನ್ನುವುದಕ್ಕೆ ನಂಬುವಂಥ ಅಂಕಿ ಇದು. ಹಾಗಾಗಿ 30 ಸಾವಿರ ಇಟ್ಟುಕೊಳ್ಳೋಣ.

ಸರಾಸರಿ ಹೇಳಿದರೆ ಜಾಸ್ತಿ ಕೇಳಬಹುದಲ್ವಾ ಅನ್ನಿಸಬಹುದು. ಒಂದು ಸಲ ಕೇಳಬಹುದು. 47 ಸಾವಿರ ಅಂತ ಹೇಳಿ 29 ಸಾವಿರ ತೋರಿಸಿದ ಮೇಲೆ ಆ ಸ್ಪಾನ್ಸರ್ ಎರಡನೇ ಸಲ ಬರುವುದಿಲ್ಲ. ಈ ಕೆಲಸದಲ್ಲಿ ಕೈಹಿಡಿಯುವುದು ಮತ್ತೆ ಮತ್ತೆ ಬರುವ ಸ್ಪಾನ್ಸರ್‌ಗಳು. ಕಂಪನಿ ‘ಕನಿಷ್ಠ ಇಷ್ಟು ವ್ಯೂಸ್ ಖಾತ್ರಿ ಕೊಡಿ’ ಅಂದರೆ ಮಧ್ಯದ ಅಂಕಿಯನ್ನೂ ಕೊಡಬೇಡಿ. ಅರ್ಧದಷ್ಟು ವಿಡಿಯೊಗಳು ಅದಕ್ಕಿಂತ ಕಡಿಮೆ ಓಡುತ್ತವೆ ಅನ್ನುವುದೇ ಅದರ ಅರ್ಥ. ಈ ಪಟ್ಟಿಗೆ 22 ಸಾವಿರ ಸರಿಯಾದ ಖಾತ್ರಿ. ಅದೂ ತಪ್ಪಿದರೆ ಹಣ ವಾಪಸ್ ಬದಲು ಮುಂದಿನ ವಿಡಿಯೊದಲ್ಲಿ ಇನ್ನೊಂದು ಸಲ ಹೇಳುತ್ತೇನೆ ಅಂತ ಬರೆಸಿ.

‘ವ್ಯೂ’ ಅನ್ನುವ ಪದ ಎಲ್ಲ ಕಡೆ ಒಂದೇ ಅಲ್ಲ ಅನ್ನುವುದನ್ನೂ ಇಲ್ಲೇ ಹೇಳಬೇಕು. ಯೂಟ್ಯೂಬ್ 2025ರ ಮಾರ್ಚ್ 31ರಿಂದ ಶಾರ್ಟ್ಸ್ ಎಣಿಕೆ ಬದಲಿಸಿತು. ಈಗ ಶಾರ್ಟ್ಸ್ ಓಡಲು ಶುರುವಾದರೆ ಸಾಕು, ಮತ್ತೆ ಓಡಿದರೂ ಸರಿ, ವ್ಯೂ ಲೆಕ್ಕಕ್ಕೆ ಬರುತ್ತದೆ. ಕನಿಷ್ಠ ಇಷ್ಟು ಹೊತ್ತು ನೋಡಿರಬೇಕು ಅನ್ನುವ ಷರತ್ತಿಲ್ಲ. ಹಳೆಯ ರೀತಿಯ ಎಣಿಕೆ ಈಗ ‘ಎಂಗೇಜ್ಡ್ ವ್ಯೂಸ್’ ಅನ್ನುವ ಬೇರೆ ಹೆಸರಲ್ಲಿ ಅನಲಿಟಿಕ್ಸ್ ಒಳಗೆ ಸಿಗುತ್ತದೆ. ಆದ್ದರಿಂದ ಶಾರ್ಟ್ಸ್‌ನ ಒಂದು ಲಕ್ಷಕ್ಕೂ ಉದ್ದ ವಿಡಿಯೊದ ಒಂದು ಲಕ್ಷಕ್ಕೂ ಒಂದೇ ದರ ಕೇಳುವುದು ಸರಿಯಲ್ಲ. ಆ ಬದಲಾವಣೆಗೆ ಮುಂಚಿನ ಶಾರ್ಟ್ಸ್ ಅಂಕಿಯನ್ನು ಈಗಿನದರ ಪಕ್ಕ ಇಟ್ಟು ‘ಚಾನೆಲ್ ಬೆಳೆದಿದೆ’ ಅನ್ನುವುದೂ ಸರಿಯಲ್ಲ.

ಉದ್ದ ವಿಡಿಯೊದಲ್ಲೂ ಇನ್ನೊಂದು ನೋಡುವುದಿದೆ: ನಿಮ್ಮ 60 ಸೆಕೆಂಡ್ ಎಲ್ಲಿ ಬರುತ್ತದೆ ಅನ್ನುವುದು. ಅನಲಿಟಿಕ್ಸ್‌ನಲ್ಲಿ ನೋಡುಗರು ಎಲ್ಲಿಯವರೆಗೆ ಉಳಿದರು ಅಂತ ತೋರಿಸುವ ಗೆರೆ ಇರುತ್ತದೆ. ನಮ್ಮ ಚಾನೆಲ್‌ನಲ್ಲಿ ಎರಡನೇ ನಿಮಿಷಕ್ಕೆ 100ರಲ್ಲಿ 62 ಜನ ಉಳಿದಿರುತ್ತಾರೆ, ಎಂಟನೇ ನಿಮಿಷಕ್ಕೆ 35. ಅಂದರೆ 30 ಸಾವಿರ ವ್ಯೂಸ್ ಇರುವ ವಿಡಿಯೊದಲ್ಲಿ ಎರಡನೇ ನಿಮಿಷದ ಜಾಗ ತಲುಪುವುದು 18,600 ಜನರನ್ನು, ಎಂಟನೇ ನಿಮಿಷದ್ದು 10,500 ಜನರನ್ನು. ದರ ಮಾತಾಡುವುದು ಪೂರ್ತಿ ವಿಡಿಯೊದ ವ್ಯೂಸ್ ಮೇಲೇ ಆದರೂ, ಮೊದಲ ಭಾಗದ ಜಾಗಕ್ಕೆ ಜಾಸ್ತಿ ಕೇಳುವುದಕ್ಕೆ ಈ ಗೆರೆಯೇ ಆಧಾರ. ಆ ಗೆರೆಯ ಸ್ಕ್ರೀನ್‌ಶಾಟ್ ಕಳಿಸಿ. ಹತ್ತು ಸಾಲಿನ ವಾದಕ್ಕಿಂತ ಅದು ಬೇಗ ಕೆಲಸ ಮಾಡುತ್ತದೆ.

ಇನ್ನು ಪ್ರತಿ ಸಾವಿರ ವ್ಯೂಸ್‌ಗೆ ಎಷ್ಟು ಅನ್ನುವುದು. ಇದನ್ನೇ ಸಿಪಿಎಂ ಅನ್ನುವುದು. ವಿಷಯ ಬದಲಾದರೆ ದರ ಬದಲಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಯಾಕೆ ಬದಲಾಗುತ್ತದೆ ಅಂತ ಗೊತ್ತಿದ್ದರೆ ದರವನ್ನು ನೀವೇ ಅಂದಾಜು ಮಾಡಬಹುದು. ಸ್ಪಾನ್ಸರ್ ಜಾಗದಲ್ಲಿ ಕೂತು ನೋಡಿ. ನಮ್ಮ 30 ಸಾವಿರ ವ್ಯೂಸ್‌ನಲ್ಲಿ 200ಕ್ಕೆ ಒಬ್ಬರು ಲಿಂಕ್ ಒತ್ತಿದರೆ 150 ಜನ. ಅವರಲ್ಲಿ ಹತ್ತಕ್ಕೆ ಒಬ್ಬರು ಹಣ ಕೊಟ್ಟು ಸಾಫ್ಟ್‌ವೇರ್ ತೆಗೆದುಕೊಂಡರೆ 15 ಗಿರಾಕಿಗಳು. ಒಬ್ಬ ಗಿರಾಕಿಯಿಂದ ಮೊದಲ ವರ್ಷ ಕಂಪನಿಗೆ ಉಳಿಯುವುದು 60 ಅಂದರೆ ಒಟ್ಟು 900. ಕಂಪನಿ ನಷ್ಟವಿಲ್ಲದೆ ಕೊಡಬಹುದಾದ ಮಿತಿ ಅದು, ಸಾವಿರ ವ್ಯೂಸ್‌ಗೆ 30. ನೀವು 25 ಕೇಳಿದರೆ 750 ಆಯಿತು, ಅವರಿಗೂ 150 ಉಳಿಯಿತು.

ಅದೇ 30 ಸಾವಿರ ವ್ಯೂಸ್ ಇರುವ ಒಂದು ಹಾಸ್ಯದ ಚಾನೆಲ್ ಮೊಬೈಲ್ ಗೇಮ್ ಒಂದರ ಬಗ್ಗೆ ಹೇಳಿತು ಅನ್ನಿ. 100 ಜನ ಇಳಿಸಿಕೊಂಡರೂ, ಒಬ್ಬರಿಂದ ಕಂಪನಿಗೆ ಬರುವುದು 4 ಆದರೆ ಒಟ್ಟು 400. ಸಾವಿರಕ್ಕೆ 13 ದಾಟಿದರೆ ಕಂಪನಿಗೆ ನಷ್ಟ. ಹಾಸ್ಯದ ಚಾನೆಲ್‌ನವರು ಕಡಿಮೆ ಕಷ್ಟಪಟ್ಟರು ಅಂತಲ್ಲ, ನೋಡುಗರ ಪ್ರೀತಿ ಕಡಿಮೆ ಅಂತಲೂ ಅಲ್ಲ. ಆ ಕಡೆ ಮಾರಾಟವಾಗುವ ವಸ್ತುವಿನ ಲಾಭ ಅಷ್ಟೇ ಇದೆ. ಆದ್ದರಿಂದ ಬೇರೆ ವಿಷಯದ ಚಾನೆಲ್ ನಡೆಸುವ ಗೆಳೆಯರ ದರ ಕೇಳಿ ಅದೇ ನನಗೂ ಬೇಕು ಅನ್ನುವುದರಿಂದ ಉಪಯೋಗವಿಲ್ಲ. ಗೆಳೆಯರ ದರ ತಿಳಿಯಬೇಕಿದ್ದರೆ ನಿಮ್ಮದೇ ವಿಷಯದವರನ್ನು ಕೇಳಿ.

ಈ ಲೆಕ್ಕದಲ್ಲಿ ಒಂದು ಭಾಗ ನಿಮ್ಮ ಹತ್ತಿರವೇ ಇದೆ: ಹಳೆಯ ವಿಡಿಯೊಗಳ ಲಿಂಕ್ ಎಷ್ಟು ಜನ ಒತ್ತಿದರು ಅನ್ನುವುದು. ಪ್ರತಿ ಸ್ಪಾನ್ಸರ್ ಮುಗಿದ ಮೇಲೆ ಅದನ್ನು ಬರೆದಿಡಿ. ಎಷ್ಟು ಜನ ಕೊಂಡರು ಅನ್ನುವುದು ಕಂಪನಿಗೆ ಮಾತ್ರ ಗೊತ್ತು. ಅದನ್ನು 30 ದಿನದ ನಂತರ ತಿಳಿಸಬೇಕು ಅಂತ ಕರಾರಿನಲ್ಲೇ ಬರೆಸಿಕೊಳ್ಳಿ. ಹಣದ ವಿಷಯ ಅಲ್ಲವಾದ್ದರಿಂದ ಸಾಮಾನ್ಯವಾಗಿ ಒಪ್ಪುತ್ತಾರೆ, ಮುಂದಿನ ದರ ಮಾತಾಡುವಾಗ ಅದಕ್ಕಿಂತ ಗಟ್ಟಿ ಆಧಾರ ಇನ್ನೊಂದಿಲ್ಲ. ನೋಡುಗರು ಯಾವ ದೇಶದವರು ಅನ್ನುವುದೂ ಮುಖ್ಯ. ಕಂಪನಿ ಮಾರುವ ದೇಶಗಳಲ್ಲಿ ನಿಮ್ಮ ನೋಡುಗರು 100ರಲ್ಲಿ 40 ಇದ್ದರೆ, ಆ ಕಂಪನಿಯ ಮಟ್ಟಿಗೆ ನಿಮ್ಮ 30 ಸಾವಿರ ಅಂದರೆ 12 ಸಾವಿರ. ನಮ್ಮ ಚಾನೆಲ್‌ಗೆ ಆ ತೊಂದರೆ ಇಲ್ಲ ಅಂದುಕೊಂಡು ಮುಂದೆ ಹೋಗೋಣ.

ಜಾಗದ ಬೆಲೆ 750 ಆಯಿತು. ಇದೇ ನಮ್ಮ ಮೂಲ ದರ. ಈಗ ಬಳಕೆಯ ಹಕ್ಕು, ಅಂದರೆ ಯೂಸೇಜ್ ರೈಟ್ಸ್.

ನನಗೆ ಇದು ಅರ್ಥವಾಗಿದ್ದು ಏಟು ತಿಂದ ಮೇಲೆ. ಶುರುವಿನಲ್ಲಿ ಒಂದು ಕಂಪನಿಯ ಕರಾರಿಗೆ ಪೂರ್ತಿ ಓದದೆ ಸಹಿ ಹಾಕಿದ್ದೆ. ಎರಡು ವರ್ಷದ ನಂತರ ಪರಿಚಯದವರೊಬ್ಬರು ಸ್ಕ್ರೀನ್‌ಶಾಟ್ ಕಳಿಸಿ ‘ಇದು ನೀವೇ ಅಲ್ವಾ?’ ಅಂದರು. ನನ್ನದೇ ಮುಖ, ಅವರ ಜಾಹೀರಾತು. ನಾನು ಹೇಳಿದ್ದ ಮಾತಿನಲ್ಲಿ ‘ಸಣ್ಣ ತಂಡಕ್ಕೆ ಸಾಕು, ದೊಡ್ಡ ತಂಡಕ್ಕೆ ಕಷ್ಟ’ ಅನ್ನುವ ಭಾಗ ಕತ್ತರಿಸಿ, ಹೊಗಳಿದ್ದನ್ನು ಮಾತ್ರ ಉಳಿಸಿದ್ದರು. ಅದೇ ವಾರ ಬೇರೆ ಕಂಪನಿ ಜೊತೆ ಮಾತುಕತೆ ನಡೆಯುತ್ತಿತ್ತು. ಅವರು ಆ ಜಾಹೀರಾತು ನೋಡಿ ‘ನೀವು ಆಗಲೇ ಅವರ ಮುಖ’ ಅಂತ ಹಿಂದೆ ಸರಿದರು. ಕರಾರು ತೆಗೆದು ನೋಡಿದರೆ ‘ಶಾಶ್ವತವಾಗಿ’, ‘ಬದಲಾವಣೆ ಮಾಡುವ ಹಕ್ಕಿನೊಂದಿಗೆ’ ಎರಡೂ ಇತ್ತು. ಕಂಪನಿ ಕರಾರು ಮುರಿದಿರಲಿಲ್ಲ. ನಾನೇ ಮಾರಿದ್ದೆ, ಬೆಲೆ ಇಲ್ಲದೆ.

ಬಳಕೆಯಲ್ಲಿ ಮೂರು ಮಟ್ಟ ಇದೆ. ಕಂಪನಿ ನಿಮ್ಮ ವಿಡಿಯೊ ತುಣುಕನ್ನು ತನ್ನ ಪುಟದಲ್ಲಿ ಸುಮ್ನೆ ಹಂಚಿಕೊಳ್ಳುವುದು ಹಗುರವಾದದ್ದು. ಅದನ್ನು ಹಣ ಹಾಕಿ ಜಾಹೀರಾತಾಗಿ ಓಡಿಸುವುದು ಅದಕ್ಕಿಂತ ಭಾರ. ಎಲ್ಲಕ್ಕಿಂತ ಭಾರವಾದದ್ದು ನಿಮ್ಮ ಖಾತೆಯ ಹೆಸರಿನಿಂದಲೇ ಜಾಹೀರಾತು ಓಡಿಸುವುದು. ಇನ್‌ಸ್ಟಾಗ್ರಾಂನಲ್ಲಿ ಇದಕ್ಕೆ ಪಾರ್ಟ್‌ನರ್‌ಶಿಪ್ ಆಡ್ಸ್ ಅನ್ನುತ್ತಾರೆ, ಟಿಕ್‌ಟಾಕ್‌ನಲ್ಲಿ ಸ್ಪಾರ್ಕ್ ಆಡ್ಸ್. ಇಲ್ಲಿ ಜಾಹೀರಾತು ನೋಡಿ ಬೇಸರವಾದವರು ಕಾಮೆಂಟ್ ಹಾಕುವುದು ನಿಮ್ಮ ಹೆಸರಿನ ಕೆಳಗೆ. ಟಿಕ್‌ಟಾಕ್‌ನಲ್ಲಿ ಅನುಮತಿ ಕೋಡ್ ಕೊಡುವಾಗ ಎಷ್ಟು ದಿನಕ್ಕೆ ಅಂತ ಅವಧಿ ಆರಿಸಬೇಕಾಗುತ್ತದೆ. ಕರಾರಿನಲ್ಲಿರುವ ಅವಧಿಯನ್ನೇ ಅಲ್ಲೂ ಆರಿಸಿ. ಕರಾರಿನಲ್ಲಿ ಎರಡು ತಿಂಗಳು ಬರೆದು ಕೋಡ್‌ನಲ್ಲಿ ಒಂದು ವರ್ಷ ಕೊಟ್ಟುಬಿಡುವ ತಪ್ಪು ಬಹಳ ಸುಲಭವಾಗಿ ಆಗುತ್ತದೆ.

ಬೆಲೆ ಹೇಗೆ? 750 ಸಿಕ್ಕಿದ್ದು ನಿಮ್ಮ 30 ಸಾವಿರ ಜನರ ಮುಂದೆ ಒಂದು ಸಲ ಹೇಳಿದ್ದಕ್ಕೆ. ಜಾಹೀರಾತಾಗಿ ಓಡಿಸಿದರೆ ಅದು ನಿಮ್ಮನ್ನು ಕಂಡೇ ಇರದ ಲಕ್ಷಾಂತರ ಜನರ ಮುಂದೆ ಹೋಗುತ್ತದೆ, ಓಡಿದಷ್ಟು ದಿನವೂ ಬೇರೆ ಸ್ಪಾನ್ಸರ್ ಕಣ್ಣಲ್ಲಿ ನೀವು ಆ ಕಂಪನಿಯವರಾಗುತ್ತೀರಿ. ಅಂದರೆ ಇದರ ಖರ್ಚು ಕಾಲದ ಜೊತೆ ಬೆಳೆಯುತ್ತದೆ. ಹಾಗಾಗಿ ಮನೆ ಬಾಡಿಗೆಯಂತೆ ತಿಂಗಳ ಲೆಕ್ಕವೇ ಸರಿ. ನಾನು ಮಾತು ಶುರು ಮಾಡುವುದು ತಿಂಗಳಿಗೆ ಮೂಲ ದರದ ಕಾಲು ಭಾಗದಿಂದ. ಇಲ್ಲಿ ಅದು 187 ಚಿಲ್ಲರೆ, ಎರಡು ತಿಂಗಳಿಗೆ 375. ಈ ಲೆಕ್ಕದಲ್ಲಿ ಒಂದು ವರ್ಷದ ಬಾಡಿಗೆಯೇ 2,250 ಆಗುತ್ತದೆ. ‘ಶಾಶ್ವತ’ ಅನ್ನುವುದಕ್ಕೆ ಕೊನೆಯೇ ಇಲ್ಲದ್ದರಿಂದ ಅದಕ್ಕೆ ನ್ಯಾಯವಾದ ಮೊತ್ತವನ್ನು ನಾನು ಯಾವತ್ತೂ ಕಂಡುಕೊಂಡಿಲ್ಲ. ಅದನ್ನು ಮಾರುವುದಿಲ್ಲ.

ಕಾಲು ಭಾಗದ ಈ ಲೆಕ್ಕ ಒಂದು ಕಡೆ ಮುರಿಯುತ್ತದೆ. ಚಾನೆಲ್ ಚಿಕ್ಕದು, ಆದರೆ ಚಿತ್ರೀಕರಣ ಸೊಗಸಾಗಿದೆ ಅನ್ನಿ. 2 ಸಾವಿರ ವ್ಯೂಸ್‌ಗೆ 25ರಂತೆ ಮೂಲ ದರ ಬರೀ 50. ಅದರ ಕಾಲು ಭಾಗ 12 ಚಿಲ್ಲರೆ. ಅಷ್ಟಕ್ಕೆ ಒಂದು ಕಂಪನಿ ತಿಂಗಳಿಡೀ ಜಾಹೀರಾತು ಓಡಿಸುವುದು ಅನ್ಯಾಯ, ಯಾಕೆಂದರೆ ಅಂಥದ್ದೇ ವಿಡಿಯೊ ತಾನೇ ಮಾಡಿಸಿದರೆ ಕ್ಯಾಮೆರಾ, ಎಡಿಟಿಂಗ್, ಮಾತಾಡುವವರು ಅಂತ ಅದಕ್ಕೆ ಎಷ್ಟೋ ಪಟ್ಟು ಖರ್ಚು. ಇಂಥ ಕಡೆ ವ್ಯೂಸ್ ಲೆಕ್ಕ ಬಿಟ್ಟು, ವಿಡಿಯೊ ತಯಾರಿಸುವ ಖರ್ಚು ಮತ್ತು ಎಷ್ಟು ದಿನದ ಕೆಲಸ ಅನ್ನುವುದರ ಮೇಲೆ ಮೂಲ ದರ ಕಟ್ಟಿ, ಅದರ ಮೇಲೆ ಬಾಡಿಗೆ ಹಾಕಬೇಕು.

ಕತ್ತರಿಸುವ ಹಕ್ಕಿಗೆ ಹಣಕ್ಕಿಂತ ಒಂದು ಸಾಲು ಮುಖ್ಯ: ‘ತುಣುಕು ಮಾಡಿದ ಪ್ರತಿ ರೂಪಕ್ಕೂ ಪ್ರಕಟಣೆಗೆ ಮುಂಚೆ ಲಿಖಿತ ಒಪ್ಪಿಗೆ ಬೇಕು.’ ಎರಡು ಕೆಲಸದ ದಿನದಲ್ಲಿ ಉತ್ತರ ಕೊಡುತ್ತೇನೆ ಅಂತ ನೀವೂ ಸೇರಿಸಿ. ಅವರಿಗಿರುವ ಭಯ ತಡವಾಗುವುದು ಮಾತ್ರ.

ಕೊನೆಯದು ಎಕ್ಸ್‌ಕ್ಲೂಸಿವಿಟಿ, ಅಂದರೆ ಬೇರೆಯವರ ಜೊತೆ ಕೆಲಸ ಮಾಡಲ್ಲ ಅನ್ನುವ ಮಾತು. ಜನ ತುಂಬಾ ಅಗ್ಗಕ್ಕೆ ಕೊಡುವುದು ಇದನ್ನೇ, ಯಾಕೆಂದರೆ ಇದಕ್ಕಾಗಿ ಏನೂ ಮಾಡಬೇಕಿಲ್ಲ, ಸುಮ್ಮನಿದ್ದರೆ ಸಾಕು ಅನ್ನಿಸುತ್ತದೆ. ಸುಮ್ಮನಿರುವುದರ ಬೆಲೆ ಅಂದರೆ ಆ ಹೊತ್ತಿನಲ್ಲಿ ಕೈತಪ್ಪುವ ಕೆಲಸದ ಬೆಲೆ. ಅದನ್ನು ಎಣಿಸಬಹುದು.

ನಮ್ಮ ಚಾನೆಲ್ ಆರು ತಿಂಗಳಲ್ಲಿ 12 ವಿಡಿಯೊ ಹಾಕುತ್ತದೆ. ಹಿಂದಿನ ಲೆಕ್ಕ ನೋಡಿದರೆ ಅದರಲ್ಲಿ ಆರಕ್ಕೆ ಸ್ಪಾನ್ಸರ್ ಸಿಗುತ್ತಾರೆ. ಆ ಆರರಲ್ಲಿ ಮೂರು ಹಣಕಾಸಿಗೆ ಸಂಬಂಧಿಸಿದವು: ಬಿಲ್ಲಿಂಗ್, ಹಣ ಪಾವತಿ, ಸಂಬಳದ ಲೆಕ್ಕ. ‘ಹಣಕಾಸಿಗೆ ಸಂಬಂಧಿಸಿದ ಯಾವುದೇ ಉತ್ಪನ್ನ’ ಅನ್ನುವ ಸಾಲಿಗೆ ಸಹಿ ಹಾಕಿದರೆ ಮೂರೂ ಹೋಯಿತು. ಅದರಲ್ಲಿ ಒಂದು ಜಾಗವನ್ನು ಬೇರೆ ಥರದ ಸ್ಪಾನ್ಸರ್ ತುಂಬಬಹುದು ಅಂತ ಬಿಟ್ಟುಕೊಟ್ಟರೂ ನಷ್ಟ ಎರಡು ವಿಡಿಯೊ, ಅಂದರೆ 1,500. ಮೂಲ ದರದ ಎರಡರಷ್ಟು!

ಈಗ ಆ ಸಾಲಿನಲ್ಲಿ ಎರಡೇ ಪದ ಬದಲಿಸೋಣ. ಆರು ತಿಂಗಳನ್ನು 30 ದಿನ ಮಾಡಿದರೆ ಆ ಅವಧಿಯಲ್ಲಿ ಸ್ಪಾನ್ಸರ್ ಇರುವ ವಿಡಿಯೊ ಒಂದೇ. ನಷ್ಟ ಆರನೇ ಒಂದು ಭಾಗಕ್ಕೆ ಇಳಿದು 250 ಆಯಿತು. ಇನ್ನೊಂದು ಹೆಜ್ಜೆ: ‘ಹಣಕಾಸಿಗೆ ಸಂಬಂಧಿಸಿದ’ ಅನ್ನುವುದನ್ನು ತೆಗೆದು, ಕಂಪನಿಗೆ ನಿಜವಾಗಿ ಪೈಪೋಟಿ ಕೊಡುವ ನಾಲ್ಕು ಹೆಸರು ಬರೆಯಿರಿ ಅಂತ ಕೇಳಿ. ಕೈತಪ್ಪುವ ಮೂರರಲ್ಲಿ ಬಿಲ್ಲಿಂಗ್ ಒಂದೇ ಆ ಪಟ್ಟಿಗೆ ಸೇರುತ್ತದೆ. ನಷ್ಟ ಸುಮಾರು 83. ಒಂದೇ ಸಾಲು, 1,500ರಿಂದ 83ಕ್ಕೆ ಇಳಿಯಿತು. ಕಂಪನಿಗೆ ನಿಜಕ್ಕೂ ಬೇಕಿದ್ದದ್ದೂ ಇಷ್ಟೇ ಆಗಿರುತ್ತದೆ: ಇವತ್ತು ನಮ್ಮನ್ನು ಹೊಗಳಿ ಮುಂದಿನ ವಾರ ನಮ್ಮ ಎದುರಾಳಿಯನ್ನು ಹೊಗಳಬೇಡಿ. ಅದು ನ್ಯಾಯವಾದ ಬೇಡಿಕೆ. ಅಗಲವಾದ ಪದಗಳು ಹೆಚ್ಚಾಗಿ ಹಳೆಯ ಕರಾರಿನಿಂದ ನಕಲಾಗಿ ಬಂದಿರುತ್ತವೆ.

30 ದಿನ ಯಾವಾಗಿಂದ ಅನ್ನುವುದನ್ನೂ ಬರೆಸಬೇಕು. ‘ಸಹಿ ಹಾಕಿದ ದಿನದಿಂದ ಪ್ರಕಟಣೆಯ 30 ದಿನದ ನಂತರದವರೆಗೆ’ ಅಂತಿದ್ದರೆ ಎಚ್ಚರ. ಅವರ ಕಡೆ ಒಪ್ಪಿಗೆ ಕೊಡುವುದು ಎರಡು ತಿಂಗಳು ತಡವಾದರೆ ನಿಮ್ಮ ಬಾಯಿ ಮೂರು ತಿಂಗಳು ಕಟ್ಟಿದಂತೆ. ಪ್ರಕಟಣೆಯ ದಿನದಿಂದ ಅಂತ ಬರೆಸಿ, ಪ್ರಕಟಣೆಗೂ ಒಂದು ಕೊನೆಯ ದಿನಾಂಕ ಇಡಿ. ವಿವರಣೆಯಲ್ಲಿರುವ ಹಳೆಯ ಲಿಂಕ್‌ಗಳು, ಹಳೆಯ ವಿಡಿಯೊಗಳು ಇದಕ್ಕೆ ಸೇರುವುದಿಲ್ಲ ಅಂತಲೂ ಒಂದು ಮಾತು ಇರಲಿ.

ಈಗ 900ರ ಮೇಲ್‌ಗೆ ವಾಪಸ್ ಬರೋಣ. ಅವರು ಬರೆದ ಷರತ್ತಿನ ಪ್ರಕಾರ ಜಾಗಕ್ಕೆ 750, ಆರು ತಿಂಗಳ ಮೌನಕ್ಕೆ 1,500, ಬಳಕೆಗೆ ಮೊದಲ ವರ್ಷಕ್ಕೇ 2,250. ಒಟ್ಟು 4,500. ಅವರು ಕೊಟ್ಟಿದ್ದು ಅದರ ಐದನೇ ಒಂದು ಭಾಗ. ಆದರೆ 4,500 ಕೇಳಿ ಮೇಲ್ ಕಳಿಸಿದರೆ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. ಅವರ ಗಿರಾಕಿ ಲೆಕ್ಕವೂ ಅದನ್ನು ತಾಳುವುದಿಲ್ಲ, ಅದನ್ನು ಆಗಲೇ ನೋಡಿದೆವು. ಕೆಲಸ ಮಾಡುವುದು ಎರಡು ದಾರಿ ಇಟ್ಟು ಬರೆಯುವುದು. ನಾನು ಬರೆಯುವ ಉತ್ತರ ಹೀಗಿರುತ್ತದೆ:

‘ನಮಸ್ಕಾರ. 900ರೊಳಗೆ ಆಗಬೇಕಾದರೆ: ಎರಡನೇ ನಿಮಿಷದಲ್ಲಿ 60 ಸೆಕೆಂಡ್, ನೀವು ಹೆಸರಿಸುವ ನಾಲ್ಕು ಕಂಪನಿಗಳ ಜೊತೆ ಪ್ರಕಟಣೆಯಿಂದ 30 ದಿನ ಕೆಲಸ ಇಲ್ಲ, ನಿಮ್ಮ ಪುಟದಲ್ಲಿ ಜಾಹೀರಾತು ಹಣ ಹಾಕದೆ ಹಂಚಿಕೊಳ್ಳಬಹುದು. ಜಾಹೀರಾತಾಗಿಯೂ ಓಡಿಸಬೇಕಾದರೆ 1,200: ಮೇಲಿನದೆಲ್ಲ ಸೇರಿ 60 ದಿನದ ಬಳಕೆ, ಪ್ರತಿ ತುಣುಕಿಗೂ ನನ್ನ ಒಪ್ಪಿಗೆಯೊಂದಿಗೆ. ಮುಂದುವರಿಸಬೇಕು ಅನ್ನಿಸಿದರೆ ಪ್ರತಿ 30 ದಿನಕ್ಕೆ 190.’

ಮೊದಲ ದಾರಿಯಲ್ಲಿ 750ಕ್ಕೆ 83 ಸೇರಿಸಿ, ಉಳಿದದ್ದು ಅವರ ಪುಟದ ಹಂಚಿಕೆಗೆ. ಎರಡನೆಯದರಲ್ಲಿ 750, 375, 83 ಸೇರಿ 1,208. ಅಲ್ಲಿ ಹಂಚಿಕೆಗೆ ಬೇರೆ ಹಣ ಹಾಕದೆ ದುಂಡಗೆ 1,200 ಮಾಡಿದ್ದು. ಹೀಗೆ ಬರೆದಾಗ ಮೊತ್ತ ಇಳಿಸಿ ಅನ್ನುವವರು ಯಾವ ಷರತ್ತು ಬಿಡುತ್ತೇವೆ ಅಂತಲೂ ಹೇಳಬೇಕಾಗುತ್ತದೆ. ಅವರ ಹತ್ತಿರ ನಿಜವಾಗಿ ಇರುವುದೇ 800 ಆದರೆ ಎಕ್ಸ್‌ಕ್ಲೂಸಿವಿಟಿ ತೆಗೆಯಿರಿ. ಮೂಲ ದರ ಹಾಗೇ ಉಳಿಯಲಿ, ಯಾಕೆಂದರೆ ಮುಂದಿನ ಸಲ ಮಾತು ಶುರುವಾಗುವುದು ಅಲ್ಲಿಂದಲೇ.

ಬಳಕೆಯ ಅವಧಿ ಮುಗಿಯುವ ದಿನವನ್ನು ಕ್ಯಾಲೆಂಡರ್‌ನಲ್ಲಿ ಹಾಕಿಟ್ಟುಕೊಳ್ಳಿ. ಮರುದಿನ ಮೆಟಾ ಆಡ್ ಲೈಬ್ರರಿ ತೆಗೆದು ಕಂಪನಿಯ ಹೆಸರು ಹುಡುಕಿ. ಈಗ ಓಡುತ್ತಿರುವ ಅವರ ಜಾಹೀರಾತುಗಳು ಅಲ್ಲಿ ಯಾರಿಗೆ ಬೇಕಾದರೂ ಕಾಣುತ್ತವೆ. ಯೂಟ್ಯೂಬ್ ಮತ್ತು ಗೂಗಲ್ ಜಾಹೀರಾತಿಗೆ ಗೂಗಲ್‌ನ ಆಡ್ಸ್ ಟ್ರಾನ್ಸ್‌ಪರೆನ್ಸಿ ಸೆಂಟರ್ ಇದೆ. ನಿಮ್ಮ ಮುಖ ಇನ್ನೂ ಓಡುತ್ತಿದ್ದರೆ ಜಗಳಕ್ಕೆ ಹೋಗಬೇಕಿಲ್ಲ. ಅನೇಕ ಸಲ ಜಾಹೀರಾತು ನೋಡಿಕೊಳ್ಳುವವರಿಗೆ ಅವಧಿ ಮುಗಿದದ್ದೇ ಗೊತ್ತಿರುವುದಿಲ್ಲ. ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ‘ಮುಂದುವರಿಸುತ್ತಿರುವುದು ಸಂತೋಷ, ಮುಂದಿನ 30 ದಿನದ ಬಿಲ್ ಇದರ ಜೊತೆ ಇದೆ’ ಅಂತ 190ರ ಬಿಲ್ ಕಳಿಸಿ.